ಧನ ಗೋಡೆಗೆ ಹೋಗಿ ದನವಾದದ್ದು ಹೇಗೆ

(ಪ್ರೌಢಶಾಲೆ ಶಿಕ್ಷಕರ ಒಂದು ದಿನದ ತರಬೇತಿಯಲ್ಲಿ ಊಟಕ್ಕೆ ಮುಂಚೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟದ ವಾಸನೆ ಆಗಲೇ ಬರುತ್ತಿದೆ. ಹಾಗಾಗಿ ಪೀಠಿಕೆ ಬಿಟ್ಟು ನೇರವಾಗಿ ಒಂದು ತರಗತಿಗೆ ಹೋಗೋಣ.

ಎಂಟನೇ ತರಗತಿ. ಕನ್ನಡದ ಮೇಡಂ ಅಲ್ಪಪ್ರಾಣ, ಮಹಾಪ್ರಾಣ ಪಾಠ ಮಾಡುತ್ತಿದ್ದಾರೆ. ಮನೆಯಲ್ಲಿ ಕೂತು ಚೆಂದದ ಸ್ಲೈಡು ಮಾಡಿಕೊಂಡು ಬಂದಿದ್ದಾರೆ. ಎಡಗಡೆ ಸಾಲಿನಲ್ಲಿ ದನ, ಬಡ, ಪಲ. ಬಲಗಡೆ ಸಾಲಿನಲ್ಲಿ ಧನ, ಭಟ, ಫಲ. ಲ್ಯಾಪ್‌ಟಾಪಿನಲ್ಲಿ ಎಲ್ಲ ಸ್ಪಷ್ಟವಾಗಿದೆ. ಗೋಡೆಯ ಮೇಲೂ ಚಿತ್ರ ಬಂದಿದೆ, ಬಣ್ಣ ಸರಿಯಿದೆ, ಬೆಳಕೂ ಸಾಕಷ್ಟಿದೆ. ಮೇಡಂ ವ್ಯತ್ಯಾಸ ಏನು ಹೇಳಿ ಅಂತ ಕೇಳಿದರೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಹೇಳಿದ: "ಎರಡೂ ದನಾನೇ ಅಲ್ವಾ ಮಿಸ್?"

ಮೇಡಂಗೆ ಸಿಟ್ಟು ಬಂತು. ಆದರೆ ಹುಡುಗ ತುಂಟತನ ಮಾಡಿರಲಿಲ್ಲ. ಹಿಂದೆ ಹೋಗಿ ನೋಡಿದರೆ ಅವರಿಗೂ ಎರಡು ದನವೇ ಕಂಡವು. ನನಗೆ ಫೋನ್ ಬಂತು. "ಸರ್, ಪ್ರೊಜೆಕ್ಟರ್ ಲೆನ್ಸು ಹಾಳಾಗಿದೆ ಅನ್ಸುತ್ತೆ, ಫೋಕಸ್ ಎಷ್ಟು ತಿರುಗಿಸಿದ್ರೂ ಸರಿ ಹೋಗ್ತಿಲ್ಲ."

ಲೆನ್ಸು ಹಾಳಾಗಿರಲಿಲ್ಲ. ಆ ತರಗತಿಯಲ್ಲಿ ಏನಾಗಿತ್ತು, ಹೇಗೆ ಹುಡುಕಿದೆವು ಅನ್ನೋದನ್ನೇ ಇವತ್ತು ಪೂರ್ತಿ ಹೇಳುತ್ತೇನೆ. ಕೇಬಲ್, ರೆಸಲ್ಯೂಷನ್, ಡೂಪ್ಲಿಕೇಟು, ಎಕ್ಸ್‌ಟೆಂಡು, ಎಲ್ಲವೂ ಅದರೊಳಗೇ ಬರುತ್ತವೆ.

ಮೊದಲು ಆ ಕೋಣೆಯಲ್ಲಿ ಏನೇನಿತ್ತು ಹೇಳಿಬಿಡುತ್ತೇನೆ. ಮೇಲೆ ಚಾವಣಿಗೆ ನೇತುಹಾಕಿದ ಹಳೆಯ ಪ್ರೊಜೆಕ್ಟರ್. ಅದರಿಂದ ಪೈಪಿನೊಳಗೆ ಇಳಿದು ಮೇಷ್ಟರ ಮೇಜಿನ ತನಕ ಬರುವ ಸುಮಾರು 15 ಮೀಟರ್ ವಿಜಿಎ ಕೇಬಲ್. ನೀಲಿ ತಲೆಯದು, ಎರಡೂ ಕಡೆ ಸ್ಕ್ರೂ ಇರುತ್ತಲ್ಲ, ಅದೇ. ಮೇಡಂ ಹತ್ತಿರ ಹೊಸ ಲ್ಯಾಪ್‌ಟಾಪ್, ಅದರಲ್ಲಿ ಎಚ್‌ಡಿಎಂಐ ಮಾತ್ರ. ನಡುವೆ ಪೇಟೆಯಿಂದ ತಂದ ಒಂದು ಚಿಕ್ಕ ಕನ್ವರ್ಟರ್. ನಿಮ್ಮಲ್ಲಿ ಅರ್ಧ ಜನರ ಶಾಲೆಯಲ್ಲೂ ಇದೇ ಸಂಸಾರ ಇದೆ ಅಂತ ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತೆ.

ಈ ಬೆಸುಗೆ ಯಾಕೆ ಬಂತು? ವಿಜಿಎ ಅನ್ನೋದು 1987ರಲ್ಲಿ ಐಬಿಎಂ ಕಂಪನಿಯ ಪಿಎಸ್/2 ಕಂಪ್ಯೂಟರ್ ಜೊತೆ ಬಂದದ್ದು. 2010ರ ಡಿಸೆಂಬರ್‌ನಲ್ಲಿ ಇಂಟೆಲ್, ಎಎಂಡಿ ಮತ್ತು ಇನ್ನು ಕೆಲವು ಕಂಪನಿಗಳು ಸೇರಿ, 2015ರ ಹೊತ್ತಿಗೆ ವಿಜಿಎ ಬಿಟ್ಟುಬಿಡುತ್ತೇವೆ ಅಂತ ಹೇಳಿದವು. ಲ್ಯಾಪ್‌ಟಾಪಿನಿಂದ ಅದು ನಿಧಾನಕ್ಕೆ ಹೋಯಿತು. ಗೋಡೆಯೊಳಗಿನ ಕೇಬಲ್ ಎಲ್ಲಿಗೆ ಹೋಗುತ್ತೆ? ಲ್ಯಾಪ್‌ಟಾಪ್ ನಾಲ್ಕೈದು ವರ್ಷಕ್ಕೆ ಬದಲಾಗುತ್ತೆ, ಪೈಪಿನೊಳಗಿನ ತಂತಿ ಕಟ್ಟಡ ಇರೋವರೆಗೂ ಇರುತ್ತೆ.

ಈಗ ಮುಖ್ಯ ಮಾತು. ಪ್ರೊಜೆಕ್ಟರ್ ಒಳಗೆ ಬೆಳಕನ್ನು ಚುಕ್ಕಿ ಚುಕ್ಕಿಯಾಗಿ ಬಿಡುವ ಒಂದು ಪುಟ್ಟ ಫಲಕ ಇರುತ್ತೆ. ಅದರಲ್ಲಿ ಎಷ್ಟು ಚುಕ್ಕಿ ಇವೆ ಅನ್ನೋದು ಕಾರ್ಖಾನೆಯಲ್ಲೇ ತೀರ್ಮಾನ ಆಗಿರುತ್ತೆ. ಯಾವ ಸೆಟ್ಟಿಂಗೂ ಅದನ್ನು ಜಾಸ್ತಿ ಮಾಡೋಕೆ ಆಗಲ್ಲ. ಹಳೆಯ ಶಾಲಾ ಪ್ರೊಜೆಕ್ಟರುಗಳಲ್ಲಿ ಬಹಳಷ್ಟು 1024 x 768. ಅಡ್ಡಕ್ಕೆ 1024 ಚುಕ್ಕಿ, ಉದ್ದಕ್ಕೆ 768. ಪೆಟ್ಟಿಗೆಯ ಮೇಲೆ ಇದನ್ನೇ ಎಕ್ಸ್‌ಜಿಎ, ಅಂದರೆ `XGA` ಅಂತ ಬರೆದಿರುತ್ತಾರೆ. `WXGA` ಅಂತಿದ್ದರೆ 1280 x 800. `Full HD` ಅಂತಿದ್ದರೆ 1920 x 1080. ಇದಕ್ಕೆ ನೇಟಿವ್ ರೆಸಲ್ಯೂಷನ್ ಅಂತಾರೆ. ನಾನು ಸುಮ್ನೆ ನಿಜವಾದ ಲೆಕ್ಕ ಅಂತ ಕರೆಯುತ್ತೇನೆ.

ಇಲ್ಲಿ ಒಂದು ಮೋಸವಿದೆ, ಅದನ್ನು ನೆನಪಿಡಿ. ಪೆಟ್ಟಿಗೆಯ ಮೇಲೆ ಇನ್ನೊಂದು ಸಾಲು ದೊಡ್ಡ ಅಕ್ಷರದಲ್ಲಿರುತ್ತೆ, "1920 x 1080 ಸಪೋರ್ಟ್ ಮಾಡುತ್ತೆ" ಅಂತ. ಅದರ ಅರ್ಥ, ಅಷ್ಟು ಚುಕ್ಕಿಯ ಚಿತ್ರ ಕೊಟ್ಟರೆ ಒಳಗೆ ತಗೊಳ್ಳುತ್ತೆ ಅಂತ ಅಷ್ಟೇ. ತಗೊಂಡು ಏನು ಮಾಡುತ್ತೆ? ತನ್ನಲ್ಲಿರುವ 1024 ಚುಕ್ಕಿಗೆ ಹಿಂಡಿ ಕೂರಿಸುತ್ತೆ. ಪ್ರೊಜೆಕ್ಟರ್ ಮೆನುವಿನಲ್ಲಿ `Information` ಅಥವಾ `Info` ಪುಟ ತೆಗೆದರೂ ಇದೇ ತೊಂದರೆ. ಅಲ್ಲಿ `Resolution` ಅಂತ ಕಾಣುವುದು ಸಾಮಾನ್ಯವಾಗಿ ಒಳಗೆ ಬರುತ್ತಿರುವ ಸಿಗ್ನಲಿನ ಲೆಕ್ಕ, ಫಲಕದ ಲೆಕ್ಕ ಅಲ್ಲ. ಮೇಡಂ ಕೂಡ ಆ ಪುಟ ನೋಡಿ "ಸರ್, 1920 ಅಂತ ತೋರಿಸ್ತಿದೆ, ಫುಲ್ ಎಚ್‌ಡಿನೇ ಇದೆ" ಅಂದಿದ್ದರು. ಏಣಿ ಹತ್ತಿ ಪ್ರೊಜೆಕ್ಟರಿನ ಲೇಬಲ್ ಓದಿ, ಆ ಮಾಡಲ್ ನಂಬರಿನ ಕೈಪಿಡಿ ತೆಗೆದು ನೋಡಿದಾಗ ನಿಜ ಗೊತ್ತಾಯಿತು. 1024 x 768.

ಈಗ ಸೀಳು ಎಲ್ಲಿ ಹೋಯಿತು ನೋಡಿ. ಧ ಅಕ್ಷರಕ್ಕೂ ದ ಅಕ್ಷರಕ್ಕೂ ಇರುವ ವ್ಯತ್ಯಾಸ ಬುಡದಲ್ಲಿ ಒಂದು ಚಿಕ್ಕ ಸೀಳು. ಬ, ಭ ಮತ್ತು ಪ, ಫ ಕೂಡ ಹಾಗೇ. ಲ್ಯಾಪ್‌ಟಾಪ್ ಪರದೆಯಲ್ಲಿ ಆ ಸೀಳು ಒಂದೋ ಎರಡೋ ಚುಕ್ಕಿ ಅಗಲ ಇರಬಹುದು. 1920 ಚುಕ್ಕಿಗಳನ್ನು 1024ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಎರಡು ಚುಕ್ಕಿ ಸೇರಿ ಒಂದಾಗುತ್ತವೆ. ಸರಿಯಾಗಿ ಎರಡಾದರೂ ಆಗಿದ್ದರೆ ಒಂದು ನ್ಯಾಯ ಇರುತ್ತಿತ್ತು. ಲೆಕ್ಕ ಹಾಕಿದರೆ 1.875 ಬರುತ್ತೆ. ಹಾಗಾಗಿ ಸೀಳಿನ ಬಿಳಿ ಅರ್ಧ ಈ ಚುಕ್ಕಿಗೆ, ಅರ್ಧ ಪಕ್ಕದ ಚುಕ್ಕಿಗೆ ಹಂಚಿಹೋಗುತ್ತೆ. ಎರಡೂ ಕಡೆ ಅಕ್ಷರದ ಕಪ್ಪು ಸೇರಿಕೊಂಡು ಬೂದಿ ಬಣ್ಣ ಆಗುತ್ತೆ. ಹಿಂದಿನ ಬೆಂಚಿನಿಂದ ನೋಡಿದರೆ ಬೂದಿಯೂ ಕಪ್ಪೇ. ಧನ ದನವಾಯಿತು. ಇಂಗ್ಲಿಷ್ ಅಕ್ಷರಗಳು ಇಷ್ಟು ಬೇಗ ಕೈಕೊಡಲ್ಲ. ನಮ್ಮ ಒತ್ತಕ್ಷರ, ಸೀಳು, ಕೊಂಬು ಎಲ್ಲ ಸಣ್ಣ ಗೆರೆಗಳ ಮೇಲೆ ನಿಂತಿವೆ. ಆದ್ದರಿಂದ ಈ ಲೆಕ್ಕ ತಪ್ಪಿದಾಗ ಮೊದಲ ಪೆಟ್ಟು ಕನ್ನಡಕ್ಕೇ ಬೀಳುತ್ತೆ.

ಇನ್ನೊಂದು ನಷ್ಟವೂ ಇದೆ. ಲ್ಯಾಪ್‌ಟಾಪ್ ಪರದೆ 16:9, ಪ್ರೊಜೆಕ್ಟರ್ ಫಲಕ 4:3. ಅಗಲದ ಚಿತ್ರವನ್ನು ಚೌಕಾಕಾರದ ಜಾಗಕ್ಕೆ ಕೂರಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತೆ. 768 ಸಾಲಿನಲ್ಲಿ 576 ಸಾಲು ಮಾತ್ರ ಕೆಲಸಕ್ಕೆ ಬರುತ್ತವೆ. ಕಾಲು ಭಾಗ ಗೋಡೆ ಸುಮ್ನೆ ಕತ್ತಲು.

ಒಬ್ಬ ಮೇಷ್ಟರು ಇಲ್ಲಿ ತಡೆದು ಕೇಳಿದರು: "ಸರ್, ಇದನ್ನೆಲ್ಲ ಲ್ಯಾಪ್‌ಟಾಪೇ ತಾನಾಗಿ ಮಾಡ್ಕೊಬೇಕಲ್ವಾ? ಟಿವಿಗೆ ಹಾಕಿದ್ರೆ ಮಾಡ್ಕೊಳುತ್ತೆ."

ಒಳ್ಳೆ ಪ್ರಶ್ನೆ. ಮಾಡಿಕೊಳ್ಳಬೇಕು, ಮಾಡಿಕೊಳ್ಳುತ್ತೆ ಕೂಡ. ಹೇಗೆ ಅಂದರೆ, ಕೇಬಲ್ ಚುಚ್ಚಿದ ತಕ್ಷಣ ಲ್ಯಾಪ್‌ಟಾಪು ಪ್ರೊಜೆಕ್ಟರನ್ನು ವಿಚಾರಿಸುತ್ತೆ: ನೀನು ಯಾರು, ನಿನ್ನ ಲೆಕ್ಕ ಎಷ್ಟು? ಪ್ರೊಜೆಕ್ಟರಿನಲ್ಲಿ ಅದಕ್ಕೊಂದು ಚಿಕ್ಕ ಜಾತಕ ಬರೆದಿಟ್ಟಿರುತ್ತಾರೆ. ಮೂಲ ಭಾಗ ಬರೀ 128 ಬೈಟು. ಹೆಸರು, ಯಾವ ಯಾವ ರೆಸಲ್ಯೂಷನ್ ಆಗುತ್ತೆ, ಯಾವುದು ಇಷ್ಟ, ಎಲ್ಲ ಅದರಲ್ಲಿರುತ್ತೆ. ಇದರ ಹೆಸರು ಇಡಿಐಡಿ. ಜಾತಕ ಕೂಡಿದರೆ ನೀವು ಏನೂ ಮಾಡಬೇಕಿಲ್ಲ.

ವಿಜಿಎ ಕೇಬಲಿನಲ್ಲಿ ಈ ಜಾತಕ ಓಡಾಡುವುದಕ್ಕೆ ಎರಡು ತಂತಿ, 12 ಮತ್ತು 15ನೇ ಪಿನ್ನು. ಬಣ್ಣಕ್ಕೆ ಬೇರೆ ಮೂರು, 1, 2, 3ನೇ ಪಿನ್ನು. ಅಂದರೆ 12 ಅಥವಾ 15 ಕಡಿದುಹೋದರೂ ಚಿತ್ರ ಬರುತ್ತೆ, ಬಣ್ಣ ಸರಿ ಇರುತ್ತೆ, ಕೇಬಲ್ ಸರಿಯಿದೆ ಅಂತಲೇ ಅನಿಸುತ್ತೆ. ಜಾತಕ ಮಾತ್ರ ತಲುಪಲ್ಲ. ಉದ್ದದ ಕೇಬಲ್, ನಡುವೆ ಹಾಕಿದ ಜೋಡಣೆ, ಅಗ್ಗದ ಕೇಬಲ್, ಮೂರರಲ್ಲೂ ಇದು ಆಗುತ್ತೆ. ವಿಂಡೋಸ್ ಇರುವ ಹಳೆಯ ಲ್ಯಾಪ್‌ಟಾಪನ್ನು ನೇರ ವಿಜಿಎಗೆ ಹಾಕಿದ್ದಾಗ ಡಿವೈಸ್ ಮ್ಯಾನೇಜರಿನಲ್ಲಿ ಪ್ರೊಜೆಕ್ಟರ್ ಹೆಸರಿನ ಬದಲು `Generic Non-PnP Monitor` ಅಂತ ಕಂಡರೆ ಜಾತಕ ಸಿಕ್ಕಿಲ್ಲ ಅಂತ ಲೆಕ್ಕ.

ಮೇಡಂ ತರಗತಿಯಲ್ಲಿ ನಡುವೆ ಕನ್ವರ್ಟರ್ ಬೇರೆ ಇತ್ತು. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್. ಹಾಗಾಗಿ ಆ ಪುಟ್ಟ ಡಬ್ಬಿಯೊಳಗೆ ಒಂದು ಚಿಪ್ ಇರಲೇಬೇಕು, ಬರೀ ತಂತಿಗೆ ತಂತಿ ಬೆಸೆದರೆ ಆಗಲ್ಲ. ಪ್ರೊಜೆಕ್ಟರಿನ ಜಾತಕ ಸಿಗದಿದ್ದಾಗ ಇಂಥ ಎಷ್ಟೋ ಡಬ್ಬಿಗಳು ತಮ್ಮದೇ ಒಂದು ಜಾತಕ ತೋರಿಸುತ್ತವೆ. ನಾನು ಫುಲ್ ಎಚ್‌ಡಿ, 1920 x 1080 ಕೊಡಿ ಅನ್ನುತ್ತವೆ. ಲ್ಯಾಪ್‌ಟಾಪ್ ಪಾಪ ನಂಬುತ್ತೆ. ನಡುವಿನ ದಲ್ಲಾಳಿ ಸುಳ್ಳು ಹೇಳಿದರೆ ಮದುವೆ ಹೇಗಿರುತ್ತೋ ಹಾಗೇ ಇತ್ತು ಆ ಗೋಡೆ.

ಈ ಡಬ್ಬಿ ಕೊಳ್ಳುವಾಗ ದಿಕ್ಕು ನೋಡಿ ಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ, ಪ್ರೊಜೆಕ್ಟರಿನಲ್ಲಿ ವಿಜಿಎ ಇದ್ದರೆ ಬೇಕಾದ್ದು ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವ ಡಬ್ಬಿ. ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವುದು ಬೇರೆಯೇ ಡಬ್ಬಿ. ತಿರುಗಿಸಿ ಹಾಕಿದರೆ ಕೆಲಸ ಮಾಡಲ್ಲ. ಟೈಪ್ ಸಿ ಮಾತ್ರ ಇರುವ ಲ್ಯಾಪ್‌ಟಾಪಾದರೆ ಇನ್ನೊಂದು ಎಚ್ಚರಿಕೆ. ತೂತು ಒಂದೇ ಥರ ಕಂಡರೂ ಎಲ್ಲ ಟೈಪ್ ಸಿ ತೂತಿನಿಂದ ಚಿತ್ರ ಹೊರಗೆ ಬರಲ್ಲ. ಕೆಲವು ಚಾರ್ಜಿಗೆ, ಪೆನ್ ಡ್ರೈವಿಗೆ ಅಷ್ಟೇ. ತೂತಿನ ಪಕ್ಕ `DP` ಥರದ ಗುರುತೋ ಮಿಂಚಿನ ಗುರುತೋ ಇದ್ದರೆ ಧೈರ್ಯ. ಇಲ್ಲದಿದ್ದರೆ ಆ ಮಾಡಲಿನ ವಿವರ ಓದಿಯೇ ಕನ್ವರ್ಟರ್ ತನ್ನಿ. ಅಂಗಡಿಯವರು "ಎಲ್ಲಕ್ಕೂ ಆಗುತ್ತೆ ಸರ್" ಅಂತಲೇ ಹೇಳೋದು.

ವಿಜಿಎ ಪಿನ್ನಿನ ಮಾತು ಬಂತಲ್ಲ, ಒಂದು ಸಣ್ಣ ಕತೆ. ಒಬ್ಬ ಮೇಷ್ಟರು ಹೊಸ ಕೇಬಲ್ ತಂದವರು ಅಂಗಡಿಗೆ ವಾಪಸ್ ಹೋಗಿ ಜಗಳ ಮಾಡಿದ್ದರು, 15 ಪಿನ್ನಿನಲ್ಲಿ ಒಂದು ಇಲ್ಲ ಅಂತ. ಮಧ್ಯದ ಸಾಲಿನ 9ನೇ ಪಿನ್ನು ಎಷ್ಟೋ ಕೇಬಲಿನಲ್ಲಿ ಇರೋದೇ ಇಲ್ಲ. ಅದು ಇಲ್ಲದಿದ್ದರೂ ಚಿತ್ರಕ್ಕೆ ತೊಂದರೆಯಿಲ್ಲ. ಭಯಪಡಬೇಕಾದದ್ದು ಬಾಗಿದ ಪಿನ್ನಿಗೆ. ಬಣ್ಣ ನೋಡಿದರೇ ಯಾವುದು ಬಾಗಿದೆ ಅಂತ ಹೇಳಬಹುದು. ಬಿಳಿ ಗೋಡೆ ಹಳದಿಯಾಗಿ ಕಂಡರೆ ನೀಲಿ ತಂತಿ ಹೋಗಿದೆ, 3ನೇ ಪಿನ್ನು. ಗುಲಾಬಿ ನೇರಳೆ ಕಂಡರೆ ಹಸಿರು ಹೋಗಿದೆ, 2ನೇ ಪಿನ್ನು. ನೀಲಿ ಹಸಿರು ಸೇರಿದ ಬಣ್ಣ ಕಂಡರೆ ಕೆಂಪು ಹೋಗಿದೆ, 1ನೇ ಪಿನ್ನು. ಬರೀ ಸಡಿಲ ಇರಬಹುದು, ಮೊದಲು ಸ್ಕ್ರೂ ಬಿಗಿ ಮಾಡಿ ನೋಡಿ. ಬಾಗಿದ್ದರೆ ರೀಫಿಲ್ ಖಾಲಿಯಾದ ಪೆನ್ನಿನ ಕೊಳವೆಯಲ್ಲಿ ನಿಧಾನಕ್ಕೆ ನೆಟ್ಟಗೆ ಮಾಡಬಹುದು. ಒಮ್ಮೆ ಬದುಕುತ್ತೆ, ಎರಡನೇ ಸಲ ಮುರಿಯುತ್ತೆ.

ಸರಿ, ಮೇಡಂ ಕೋಣೆಗೆ ವಾಪಸ್ ಬರೋಣ. ಅಲ್ಲಿ ಮಾಡಿದ್ದು ಇದು.

ಮೊದಲು ಎಲ್ಲ ಬಿಚ್ಚಿದೆವು. ಪ್ರೊಜೆಕ್ಟರ್ ಹಾಕಿ ಅದರ ಸ್ವಂತ ನೀಲಿ ಪರದೆ ಬರೋವರೆಗೆ ಕಾದೆವು. ರಿಮೋಟಿನಲ್ಲಿ `Source` ಒತ್ತಿ `Computer` ಆರಿಸಿದೆವು. ವಿಜಿಎಗೆ ಸಾಮಾನ್ಯವಾಗಿ ಆ ಹೆಸರು ಇರುತ್ತೆ. ಆಮೇಲೆ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದೆವು. ಈ ಕ್ರಮ ಯಾಕೆ ಅಂದರೆ, ಲ್ಯಾಪ್‌ಟಾಪ್ ವಿಚಾರಿಸುವ ಹೊತ್ತಿಗೆ ಉತ್ತರ ಕೊಡುವವರು ಎಚ್ಚರವಾಗಿರಬೇಕು. ನಿಮ್ಮಲ್ಲಿ ಕೆಲವರು ಎಲ್ಲ ಚುಚ್ಚಿಟ್ಟು ಕೊನೆಗೆ ಪ್ರೊಜೆಕ್ಟರ್ ಹಾಕುತ್ತೀರಿ, ಆಮೇಲೆ `No Signal` ಅಂತ ಬರುತ್ತೆ. ಆಗ ಕೇಬಲ್ ಒಮ್ಮೆ ಕಿತ್ತು ಹಾಕಿದರೆ ಬಹಳ ಸಲ ಸರಿಹೋಗುತ್ತೆ, ಕಾರಣ ಇದೇ.

ಚಿತ್ರ ಬಂತು. ಆಗ ವಿಂಡೋಸ್ ಕೀ ಜೊತೆ P ಒತ್ತಿದೆವು. ನಾಲ್ಕು ಆಯ್ಕೆ ಬರುತ್ತವೆ: `PC screen only`, `Duplicate`, `Extend`, `Second screen only`. ಮೇಡಂ ಯಾವಾಗಲೂ ಡೂಪ್ಲಿಕೇಟಿನಲ್ಲೇ ಇಡುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ಕಂಡದ್ದೇ ಗೋಡೆಯಲ್ಲಿ ಕಾಣಬೇಕು ಅಂತ ಎಲ್ಲರಿಗೂ ಆಸೆ, ಅದರಲ್ಲಿ ತಪ್ಪಿಲ್ಲ. ಆದರೆ ಡೂಪ್ಲಿಕೇಟ್ ಅಂದರೆ ಎರಡು ಪರದೆಗೂ ಸೇರಿ ಒಂದೇ ಲೆಕ್ಕದ ಚಿತ್ರ. ಒಂದಕ್ಕೆ 1920 x 1080 ಬೇಕು, ಇನ್ನೊಂದಕ್ಕೆ 1024 x 768 ಬೇಕು. ಒಂದು ಅಳತೆಯ ಅಂಗಿ ಇಬ್ಬರು ಹಾಕಿಕೊಂಡ ಹಾಗೆ. ಯಾರೋ ಒಬ್ಬರಿಗೆ ಸರಿಯಾಗಿ ಕೂರಲ್ಲ. ಆ ಒಬ್ಬರು ಲ್ಯಾಪ್‌ಟಾಪ್ ಆಗಬೇಕು, ಗೋಡೆ ಆಗಬಾರದು. ಲ್ಯಾಪ್‌ಟಾಪ್ ನೋಡುವವರು ನೀವು ಒಬ್ಬರೇ, ಒಂದೂವರೆ ಅಡಿ ದೂರದಿಂದ. ಗೋಡೆ ನೋಡುವವರು ಐವತ್ತು ಜನ, ಇಪ್ಪತ್ತೈದು ಅಡಿ ದೂರದಿಂದ.

ಹಾಗಾಗಿ ಸೆಟ್ಟಿಂಗ್ಸ್ ತೆಗೆದು `System`, ಅದರಲ್ಲಿ `Display`, ಅದರ ಕೆಳಗೆ `Display resolution` ಅನ್ನು 1024 x 768 ಮಾಡಿದೆವು. ಲ್ಯಾಪ್‌ಟಾಪ್ ಪರದೆಯ ಎರಡೂ ಬದಿ ಕಪ್ಪು ಪಟ್ಟಿ ಬಂತು, ಅಕ್ಷರ ಮಂಕಾಯಿತು. ಮೇಡಂ ಗಾಬರಿಯಾದರು. ಆಗಲಿ ಬಿಡಿ, ಗೋಡೆ ನೋಡಿ ಅಂದೆ. ಗೋಡೆಯ ಮೇಲೂ ಚಿತ್ರ ಬದಲಾಗಿತ್ತು. ಆದರೆ ಧ ಇನ್ನೂ ಸ್ಪಷ್ಟ ಇರಲಿಲ್ಲ. ನನಗೂ ಒಂದು ಕ್ಷಣ ತಲೆ ಕೆಟ್ಟಿತು.

ಇಲ್ಲೇ ಎರಡನೇ ಮೋಸ ಇರೋದು. ಡಿಸ್‌ಪ್ಲೇ ಪುಟದ ಕೆಳಗೆ `Advanced display` ಅಂತ ಇರುತ್ತೆ. ಅದರಲ್ಲಿ ಪ್ರೊಜೆಕ್ಟರನ್ನು ಆರಿಸಿದರೆ ಎರಡು ಸಾಲು ಕಾಣುತ್ತವೆ, `Desktop mode` ಮತ್ತು `Active signal mode`. ಡೆಸ್ಕ್‌ಟಾಪ್ 1024 x 768 ಆಗಿತ್ತು. ಸಿಗ್ನಲ್ ಇನ್ನೂ 1920 x 1080 ಆಗೇ ಇತ್ತು. ಅಂದರೆ ಲ್ಯಾಪ್‌ಟಾಪು ಚಿಕ್ಕ ಚಿತ್ರ ಬರೆದು, ಅದನ್ನು ದೊಡ್ಡದಾಗಿ ಹಿಗ್ಗಿಸಿ, ಕೇಬಲಿನಲ್ಲಿ ಕಳಿಸುತ್ತಿತ್ತು. ಪ್ರೊಜೆಕ್ಟರು ಅದನ್ನು ಮತ್ತೆ ಹಿಂಡುತ್ತಿತ್ತು. ಹಿಗ್ಗಿಸಿ ಕುಗ್ಗಿಸಿದರೆ ಯಾವ ಅಕ್ಷರ ಉಳಿಯುತ್ತೆ ಹೇಳಿ?

ಇದಕ್ಕೆ ಅದೇ ಪುಟದಲ್ಲಿ `Display adapter properties` ಅಂತ ಇದೆ. ಅದನ್ನು ಒತ್ತಿ, ಬಂದ ಪೆಟ್ಟಿಗೆಯಲ್ಲಿ `List All Modes` ಒತ್ತಿದರೆ ಉದ್ದನೆಯ ಪಟ್ಟಿ ಬರುತ್ತೆ. ಅದರಲ್ಲಿ 1024 by 768, 60 Hertz ಆರಿಸಿ ಓಕೆ ಕೊಟ್ಟೆವು. ಕಪ್ಪಾಗಿ, ಮಿಟುಕಿ, ಚಿತ್ರ ವಾಪಸ್ ಬಂತು. ಡೂಪ್ಲಿಕೇಟಿನಲ್ಲಿ ಇದು ಹಟ ಮಾಡಿದರೆ ಮೊದಲು `Second screen only` ಮಾಡಿಕೊಂಡು ಈ ಬದಲಾವಣೆ ಮಾಡಿ, ಅದು ಸುಲಭ. ಈಗ ಎರಡು ಸಾಲೂ 1024 x 768 ತೋರಿಸಿದವು. ಪ್ರೊಜೆಕ್ಟರಿನ ಇನ್ಫೋ ಪುಟವೂ ಅದೇ ಹೇಳಿತು. ಈ ಮೂರು ಒಂದೇ ಆದಾಗ ಅರ್ಧ ಕೆಲಸ ಮುಗಿದ ಹಾಗೆ.

ಉಬುಂಟು ಇರುವ ಲ್ಯಾಬಿನವರಿಗೆ ಇದು ಇನ್ನೂ ಚಿಕ್ಕದು. ಸೆಟ್ಟಿಂಗ್ಸಿನ `Displays` ಪುಟದಲ್ಲಿ `Mirror` ಆರಿಸಿ ರೆಸಲ್ಯೂಷನ್ ಬದಲಿಸಬಹುದು. ಅಲ್ಲಿ ಆಗದಿದ್ದರೆ ಟರ್ಮಿನಲ್. ಮೊದಲ ಸಾಲು ಯಾವ ಪರದೆಗೆ ಏನು ಹೆಸರು ಅಂತ ಹೇಳುತ್ತೆ, ಎರಡನೆಯದು ಎರಡಕ್ಕೂ ಒಂದೇ ಲೆಕ್ಕ ಕೊಡುತ್ತೆ.

```
xrandr
xrandr --output HDMI-1 --mode 1024x768 --output eDP-1 --mode 1024x768 --same-as HDMI-1
```

HDMI-1, eDP-1 ಅನ್ನೋದು ನಿಮ್ಮಲ್ಲಿ VGA-1, LVDS-1 ಅಂತ ಇರಬಹುದು, ಮೊದಲ ಸಾಲಿನಲ್ಲಿ ಕಂಡ ಹೆಸರು ಹಾಕಿ. ಉಬುಂಟುವಿನಲ್ಲಿ ಪರದೆ ನೋಡಿಕೊಳ್ಳುವ ವ್ಯವಸ್ಥೆ ಎರಡು ಥರ, ಎಕ್ಸ್‌ಆರ್ಗ್ ಮತ್ತು ವೇಲ್ಯಾಂಡ್. ಈ ಸಾಲು ಎಕ್ಸ್‌ಆರ್ಗ್‌ನಲ್ಲಿ ಮಾತ್ರ ಕೆಲಸ ಮಾಡುತ್ತೆ. ವೇಲ್ಯಾಂಡ್ ಇದ್ದರೆ ಲಾಗಿನ್ ಪರದೆಯ ಮೂಲೆಯ ಹಲ್ಲುಚಕ್ರ ಒತ್ತಿ `Ubuntu on Xorg` ಇದ್ದರೆ ಅದನ್ನು ಆರಿಸಿ ಒಳಗೆ ಬನ್ನಿ.

ಇನ್ನರ್ಧ ಕೆಲಸ ಏನು? ವಿಜಿಎ ಅನಲಾಗ್ ಅಂತ ಹೇಳಿದೆನಲ್ಲ. ತಂತಿಯಲ್ಲಿ ಚುಕ್ಕಿಗಳು ಬಿಡಿಬಿಡಿಯಾಗಿ ಬರಲ್ಲ, ನೀರಿನ ಹಾಗೆ ಹರಿದು ಬರುತ್ತವೆ. ಎಲ್ಲಿ ಒಂದು ಚುಕ್ಕಿ ಮುಗಿದು ಇನ್ನೊಂದು ಶುರುವಾಗುತ್ತೆ ಅಂತ ಪ್ರೊಜೆಕ್ಟರೇ ಅಂದಾಜು ಮಾಡಿ ಕತ್ತರಿಸಬೇಕು. ಅಂದಾಜು ಸ್ವಲ್ಪ ತಪ್ಪಿದರೆ ಲೆಕ್ಕ ಸರಿಯಿದ್ದೂ ಅಕ್ಷರ ಮಂಕು. ರಿಮೋಟಿನಲ್ಲೋ ಮೆನುವಿನಲ್ಲೋ `Auto` ಅಥವಾ `Auto Setup` ಅಂತ ಇರುತ್ತೆ, ಅದು ಈ ಅಂದಾಜನ್ನು ಹೊಸದಾಗಿ ಮಾಡಿಸುತ್ತೆ. ಆದರೆ ಅದನ್ನು ಒತ್ತುವಾಗ ಪರದೆಯಲ್ಲಿ ಏನಿದೆ ಅನ್ನೋದು ಮುಖ್ಯ. ಕಪ್ಪು ಹಿನ್ನೆಲೆಯ ಸ್ಲೈಡು ಇಟ್ಟು ಒತ್ತಿದರೆ ಪ್ರೊಜೆಕ್ಟರಿಗೆ ಚಿತ್ರದ ಅಂಚೇ ಸಿಗಲ್ಲ. ಚಿತ್ರವನ್ನು ಎಡಕ್ಕೋ ಬಲಕ್ಕೋ ಸರಿಸಿ ಕೂರಿಸುತ್ತೆ, ಒಂದು ಬದಿ ಕತ್ತರಿಸಿ ಹೋಗುತ್ತೆ. ಅಂಚಿನ ತನಕ ಬಿಳಿ ಇರುವ ಖಾಲಿ ಪುಟ ತೆಗೆದು ಆಮೇಲೆ ಒತ್ತಿ.

ಸರಿಯಾಯಿತಾ ಅಂತ ಕಣ್ಣಂದಾಜಿನಲ್ಲಿ ಹೇಳೋದು ಕಷ್ಟ. ನನ್ನ ಪೆನ್ ಡ್ರೈವಿನಲ್ಲಿ ಒಂದೇ ಸಾಲಿನ ಒಂದು ಫೈಲ್ ಇದೆ. ನೋಟ್‌ಪ್ಯಾಡಿನಲ್ಲಿ ಹೊಡೆದು `gere.html` ಅಂತ ಉಳಿಸಿಕೊಳ್ಳಿ.

```
<body style="margin:0;height:100vh;background:repeating-linear-gradient(90deg,#000 0 1px,#fff 1px 2px)">
```

ಬ್ರೌಸರಿನಲ್ಲಿ ತೆಗೆದು F11 ಒತ್ತಿದರೆ ಒಂದು ಚುಕ್ಕಿ ಕಪ್ಪು, ಒಂದು ಚುಕ್ಕಿ ಬಿಳಿ, ಹೀಗೆ ಪರದೆ ತುಂಬ ಗೆರೆ ಬರುತ್ತವೆ. ಬ್ರೌಸರ್ ಝೂಮ್ 100ರಲ್ಲಿರಬೇಕು, ವಿಂಡೋಸಿನ `Scale` ಕೂಡ 100% ಇರಬೇಕು. ಹೇಗೂ 1024 x 768ರಲ್ಲಿ ಸ್ಕೇಲ್ 150% ಇಟ್ಟರೆ ಕೆಲವು ಪೆಟ್ಟಿಗೆಗಳ ಓಕೆ ಬಟನ್ನು ಪರದೆಯಿಂದ ಕೆಳಗೆ ಬಿದ್ದುಹೋಗುತ್ತೆ, ಅದಕ್ಕೂ ಇದು ಮದ್ದು. ಈಗ ಗೋಡೆ ನೋಡಿ. ಲೆಕ್ಕ ಕೂಡಿದ್ದರೆ ದೂರದಿಂದ ಇಡೀ ಗೋಡೆ ಒಂದೇ ಸಮ ಬೂದಿ ಬಣ್ಣ, ಹತ್ತಿರ ಹೋದರೆ ಎಳೆ ಎಳೆಯಾಗಿ ಗೆರೆ. ಲೆಕ್ಕ ತಪ್ಪಿದ್ದರೆ ಸೀರೆಯ ಪಟ್ಟೆಯ ಹಾಗೆ ಅಗಲ ಅಗಲದ ಕಪ್ಪು ಬಿಳುಪು ಪಟ್ಟೆಗಳು. ಮೇಡಂ ಗೋಡೆಯಲ್ಲಿ ಮೊದಲು ಮೂರ್ನಾಲ್ಕು ಪಟ್ಟೆ ಕಂಡವು. ಬಿಳಿ ಪುಟ ಇಟ್ಟು ಆಟೋ ಒತ್ತಿದ ಮೇಲೆ ಒಂದು ಬಿಟ್ಟು ಉಳಿದವು ಮಾಯವಾದವು.

ಆ ಒಂದು ಪಟ್ಟೆ ಮಾತ್ರ ಹಟ ಹಿಡಿದಿತ್ತು, ಮೇಲೆ ತೆಳ್ಳಗೆ, ಕೆಳಗೆ ದಪ್ಪ. ಓರೆಯಾಗಿತ್ತು. ಅದನ್ನು ನೋಡಿದ ತಕ್ಷಣ ನನಗೆ ಗೊತ್ತಾಯಿತು, ಕೀಸ್ಟೋನ್. ಪ್ರೊಜೆಕ್ಟರ್ ಸ್ವಲ್ಪ ವಾಲಿದ್ದಾಗ ಚಿತ್ರ ಅಂಗಡಿಯ ತಗಡಿನ ಮಾಡಿನ ಹಾಗೆ ಒಂದು ಕಡೆ ಅಗಲ ಆಗುತ್ತಲ್ಲ, ಅದನ್ನು ಸರಿಮಾಡಲು ಯಾರೋ ರಿಮೋಟಿನಲ್ಲಿ `Keystone` ಒತ್ತಿ 12ಕ್ಕೋ 15ಕ್ಕೋ ಇಟ್ಟಿದ್ದರು. ಕೀಸ್ಟೋನ್ ಲೆನ್ಸನ್ನು ತಿರುಗಿಸಲ್ಲ. ಚಿತ್ರವನ್ನೇ ಒಂದು ಕಡೆ ಹಿಂಡುತ್ತೆ. ಅಂದರೆ ಇಷ್ಟು ಹೊತ್ತು ನಾವು ಕಷ್ಟಪಟ್ಟು ಕೂರಿಸಿದ ಚುಕ್ಕಿ ಲೆಕ್ಕ ಮತ್ತೆ ಕೆಡುತ್ತೆ. ಅದನ್ನು 0 ಮಾಡಿ, ಏಣಿ ಹತ್ತಿ, ಹಿಡಿಕೆಯ ಸ್ಕ್ರೂ ಸಡಿಲಿಸಿ ಪ್ರೊಜೆಕ್ಟರನ್ನೇ ನೆಟ್ಟಗೆ ಮಾಡಿದೆವು. ಪಟ್ಟೆ ಹೋಯಿತು.

"ಸರ್, ಎಚ್‌ಡಿಎಂಐ ಕೇಬಲ್ಲೇ ಎಳೆಸಿಬಿಟ್ಟರೆ ಈ ಆಟ ಎಲ್ಲ ಬೇಡ ಅಲ್ವಾ?" ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು.

ಪ್ರೊಜೆಕ್ಟರಿನಲ್ಲಿ ಎಚ್‌ಡಿಎಂಐ ತೂತು ಇದ್ದರೆ ಖಂಡಿತ ಎಳೆಸಿ. ಆಟೋ ಒತ್ತುವ ಕೆಲಸ ತಪ್ಪುತ್ತೆ, ಧ್ವನಿಯೂ ಅದರಲ್ಲೇ ಹೋಗುತ್ತೆ. ನೇಟಿವ್ ಲೆಕ್ಕ ನೋಡುವ ಕೆಲಸ ಮಾತ್ರ ತಪ್ಪಲ್ಲ. ಉದ್ದದ ವಿಷಯದಲ್ಲಿ ಅದರ ಸ್ವಭಾವ ಬೇರೆ. ವಿಜಿಎ ಉದ್ದವಾದಷ್ಟೂ ನಿಧಾನಕ್ಕೆ ಮಂಕಾಗುತ್ತೆ, ಅಕ್ಷರದ ಬಲಕ್ಕೆ ನೆರಳು ಬೀಳುತ್ತೆ. ಎಚ್‌ಡಿಎಂಐ ಒಂದು ಮಿತಿಯ ತನಕ ಚೆನ್ನಾಗೇ ಇರುತ್ತೆ, ಆಮೇಲೆ ಬಿಳಿ ಚುಕ್ಕಿ ಮಿನುಗುತ್ತೆ, ಆಮೇಲೆ ಕಪ್ಪಾಗಿ ವಾಪಸ್ ಬರುತ್ತೆ, ಕೊನೆಗೆ ಬರೋದೇ ಇಲ್ಲ. 10 ಮೀಟರ್ ದಾಟಿದ ಸಾಧಾರಣ ಕೇಬಲಿನಲ್ಲಿ ಈ ಭಯ ಇದೆ. ಮಿನುಗು ಕಂಡರೆ ಒಮ್ಮೆ ರೆಸಲ್ಯೂಷನ್ ಇಳಿಸಿ ನೋಡಿ. 1920 x 1080ಕ್ಕೆ ಸೆಕೆಂಡಿಗೆ 14.85 ಕೋಟಿ ಚುಕ್ಕಿಯ ವೇಗ ಬೇಕು, 1024 x 768ಕ್ಕೆ 6.5 ಕೋಟಿ ಸಾಕು. ಇಳಿಸಿದಾಗ ಮಿನುಗು ನಿಂತರೆ ತಪ್ಪು ಕೇಬಲಿನದು, ಲ್ಯಾಪ್‌ಟಾಪಿನದಲ್ಲ. ಉದ್ದಕ್ಕೆ ಅಂತಲೇ ಬರುವ ಫೈಬರ್ ಕೇಬಲ್ ಹಾಕಿಸಿದರೆ, ಪೈಪಿಗೆ ತುರುಕುವ ಮುಂಚೆ ತುದಿಯ ಮೇಲಿನ ಬರಹ ಓದಿ. `Source` ಅಂತಿರೋದು ಲ್ಯಾಪ್‌ಟಾಪ್ ಕಡೆ, `Display` ಅಂತಿರೋದು ಪ್ರೊಜೆಕ್ಟರ್ ಕಡೆ. ತಿರುಗಿಸಿ ಎಳೆಸಿದರೆ ಪೂರ್ತಿ ಕಿತ್ತು ಮತ್ತೆ ಎಳೆಸಬೇಕು.

ಧ್ವನಿ ಅಂದೆನಲ್ಲ. ಎಚ್‌ಡಿಎಂಐ ಚುಚ್ಚಿದ ತಕ್ಷಣ ಲ್ಯಾಪ್‌ಟಾಪ್ ಮೂಕವಾದರೆ ಹೆದರಬೇಡಿ, ಧ್ವನಿ ಪ್ರೊಜೆಕ್ಟರಿಗೆ ಹೋಗಿರುತ್ತೆ. ಕೆಳಗಿನ ಸ್ಪೀಕರ್ ಗುರುತು ಒತ್ತಿ ಲ್ಯಾಪ್‌ಟಾಪಿನದನ್ನೇ ಆರಿಸಿ. ವಿಜಿಎಯಲ್ಲಿ ಧ್ವನಿ ಹೋಗೋದೇ ಇಲ್ಲ.

ಇನ್ನು ಎಕ್ಸ್‌ಟೆಂಡು. ಇದರಲ್ಲಿ ಎರಡೂ ಪರದೆಗೆ ಅವರವರ ಲೆಕ್ಕ ಕೊಡಬಹುದು. ಲ್ಯಾಪ್‌ಟಾಪಿಗೆ 1920 x 1080, ಗೋಡೆಗೆ 1024 x 768, ಯಾರಿಗೂ ಅನ್ಯಾಯ ಇಲ್ಲ. ಸ್ಲೈಡು ಮಾತ್ರ ತೋರಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಗೋಡೆಯಲ್ಲಿ ಸ್ಲೈಡು, ನಿಮ್ಮ ಮುಂದೆ ಟಿಪ್ಪಣಿ ಮತ್ತು ಮುಂದಿನ ಸ್ಲೈಡು. ಆದರೆ ಪಾಠದ ನಡುವೆ ವಿಡಿಯೊ, ಬ್ರೌಸರ್, ಪಿಡಿಎಫ್ ಅಂತ ಹಾರಾಡುವವರಿಗೆ ಇದು ಹಿಂಸೆ. ನೀವು ವಿಡಿಯೊ ತೆಗೆದು ವಿವರಿಸುತ್ತಿರುತ್ತೀರಿ, ಗೋಡೆಯಲ್ಲಿ ಖಾಲಿ ವಾಲ್‌ಪೇಪರ್ ಇರುತ್ತೆ, ಮಕ್ಕಳು ಸಭ್ಯವಾಗಿ ಅದನ್ನೇ ನೋಡುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ವಿಂಡೋಸ್ ಕೀ, ಶಿಫ್ಟ್ ಮತ್ತು ಬಾಣದ ಕೀ ಒಟ್ಟಿಗೆ ಒತ್ತಿದರೆ ಆ ಕಿಟಕಿ ಗೋಡೆಗೆ ಹಾರುತ್ತೆ. ಅದು ನೆನಪಿರಲ್ಲ ಅನ್ನುವವರು ಡೂಪ್ಲಿಕೇಟಿನಲ್ಲೇ ಇರಿ, ಲೆಕ್ಕ ಮಾತ್ರ ಗೋಡೆಯದ್ದು ಇಡಿ. ಸ್ಲೈಡನ್ನೂ `Design`, `Slide Size`ನಲ್ಲಿ 4:3 ಮಾಡಿಕೊಂಡರೆ ಆ ಕಾಲು ಭಾಗ ಗೋಡೆ ವಾಪಸ್ ಸಿಗುತ್ತೆ. ಮಾಡಿದ ಮೇಲೆ ಒಮ್ಮೆ ಎಲ್ಲ ಸ್ಲೈಡು ನೋಡಿ, ಚಿತ್ರಗಳು ಜಾಗ ಬಿಟ್ಟಿರುತ್ತವೆ.

ಮೇಡಂ ಮೇಜಿನ ಮೇಲೆ, ಕೇಬಲ್ ಹೊರಬರುವ ಜಾಗದಲ್ಲಿ ಒಂದು ಚೀಟಿ ಅಂಟಿಸಿದೆವು: "1024 x 768, 60. ಬಿಳಿ ಪುಟ, ಆಮೇಲೆ ಆಟೋ. ಕೀಸ್ಟೋನ್ ಮುಟ್ಟಬೇಡಿ." ಮೂರನೇ ಸಾಲಿಗೆ ಎರಡು ಗೆರೆ ಎಳೆದಿದ್ದೇನೆ.

ಮಾರನೇ ದಿನ ಅವರು ಅದೇ ತರಗತಿಗೆ ಅದೇ ಸ್ಲೈಡು ಹಾಕಿದರಂತೆ. ಎಡಗಡೆ ದನ, ಬಲಗಡೆ ಧನ, ಹಿಂದಿನ ಬೆಂಚಿನ ತನಕ ಬೇರೆ ಬೇರೆಯಾಗಿ ಕಂಡವು. ಮೇಡಂ ಖುಷಿಯಲ್ಲಿ ಮುಂದಿನ ಸ್ಲೈಡಿಗೆ ಹೋದರು. ಅದೇ ಹುಡುಗ ಮತ್ತೆ ಕೈ ಎತ್ತಿದ. "ಮಿಸ್, ನೀವು ವಿದ್ಯೆಗೆ ಮಹಾಪ್ರಾಣ ಹಾಕಿದೀರಿ."